ಬಾಕಿ ಬಿಲ್ ಕೇಳುವಾಗ ಕ್ಷಮೆ ಕೇಳಬೇಡಿ

ಮೂರು ವಾರ ತಡವಾದ ಬಿಲ್‌ಗೆ ನಾನು ಮೊದಲು ಬರೆದಿದ್ದು ಹೀಗಿತ್ತು: "ತೊಂದರೆ ಕೊಡ್ತಿರೋದಕ್ಕೆ ಕ್ಷಮಿಸಿ ಸರ್, ಬಿಡುವಾದಾಗ ಪೇಮೆಂಟ್ ಸ್ವಲ್ಪ ನೋಡ್ತೀರಾ?"

ಕಳಿಸುವ ಮುಂಚೆ ಮತ್ತೆ ಓದಿದೆ. ಯಾವ ಬಿಲ್, ಯಾವತ್ತಿಗೆ ಬೇಕು, ಎರಡೂ ಇಲ್ಲ. "ಬಿಡುವಾದಾಗ" ಅಂದರೆ ಇನ್ನೂ ಒಂದು ತಿಂಗಳು ಬಿಟ್ಟರೂ ನಡೆಯುತ್ತೆ ಅಂತ ನಾವೇ ಹೇಳಿದ ಹಾಗೆ, ಅಲ್ವಾ? ತಿದ್ದಿದ ಮೇಲೆ ಹೀಗಾಯ್ತು:

"ನಮಸ್ಕಾರ ಸರ್. ಇನ್‌ವಾಯ್ಸ್ 47ರ ಹಣ 5ನೇ ತಾರೀಕಿಗೆ ಬರಬೇಕಿತ್ತು, ಇನ್ನೂ ಬಂದಿಲ್ಲ. ಬಿಲ್ಲನ್ನು ಮತ್ತೆ ಲಗತ್ತಿಸಿದ್ದೇನೆ. ಈ ಶುಕ್ರವಾರದೊಳಗೆ ಪಾವತಿ ಮಾಡಿಸಿ. ಬಿಲ್‌ನಲ್ಲಿ ಏನಾದರೂ ಸರಿಪಡಿಸಬೇಕಿದ್ದರೆ ಇವತ್ತೇ ತಿಳಿಸಿ, ತಕ್ಷಣ ಮಾಡಿಕೊಡುತ್ತೇನೆ."

ಸಂಬಂಧ ಉಳಿಸೋದು ಆ ಕೊನೆಯ ಸಾಲು. ಎಷ್ಟೋ ಸಲ ಆರ್ಡರ್ ನಂಬರ್ ಬಿಟ್ಟುಹೋಗಿ ಬಿಲ್ ಅಕೌಂಟ್ಸ್‌ನಲ್ಲೇ ನಿಂತಿರುತ್ತೆ, ನಮ್ಮ ಜೊತೆ ಮಾತಾಡುವವರಿಗೆ ಅದು ಗೊತ್ತೇ ಇರಲ್ಲ. "ನೀವು ಕೊಟ್ಟಿಲ್ಲ" ಅನ್ನೋ ಬದಲು "ಹಣ ಬಂದಿಲ್ಲ" ಅಂದರೆ ಅವರ ಮೇಲೆ ತಪ್ಪು ಹೊರಿಸಿದಂತಾಗಲ್ಲ.

ಬಿಲ್ ಕಳಿಸಿದ ಹಳೇ ಮೇಲ್‌ಗೇ ರಿಪ್ಲೈ ಮಾಡಿ, ಅವರು ಹುಡುಕಬೇಕಾಗಲ್ಲ. ಶುಕ್ರವಾರ ಕಳೆದರೆ ಸುಮ್ನೆ ಇನ್ನೊಂದು ಮೇಲ್ ಬೇಡ, ಸೋಮವಾರ ಬೆಳಿಗ್ಗೆ ಫೋನ್ ಮಾಡಿ.