ಮಾತ್ರೆಯ ಸ್ಟ್ರಿಪ್ಪನ್ನು ಯಾವ ತುದಿಯಿಂದ ಕತ್ತರಿಸಬೇಕು?

ನನ್ನ ತಮ್ಮನ ಮಗ ಈ ವರ್ಷ ಮೈಸೂರಿನಲ್ಲಿ ಕಾಲೇಜು ಸೇರಿದ್ದಾನೆ. ಹಾಸ್ಟೆಲಿನಲ್ಲಿ ಮೊದಲ ಸಲ ಜ್ವರ ಬಂದಾಗ ತಾನೇ ಮೆಡಿಕಲ್ ಅಂಗಡಿಗೆ ಹೋಗಿ ಆರು ಮಾತ್ರೆ ತಂದ. ಅದರ ಫೋಟೋ ಕಳಿಸಿ, ಹಿಂದೆಯೇ ಫೋನ್ ಮಾಡಿ, "ಅತ್ತೆ, ಇದರ ಮೇಲೆ ತಾರೀಖೇ ಇಲ್ಲವಲ್ಲ, ನುಂಗಬಹುದೇ?" ಎಂದು ಕೇಳಿದ. ಹುಡುಗ ಅಷ್ಟಾದರೂ ನೋಡಿದನಲ್ಲ ಎಂದು ನನಗೆ ಸಮಾಧಾನವಾಯಿತು. ಅವನಿಗಿಂತ ಮೂರು ಪಟ್ಟು ವಯಸ್ಸಾದವರೂ ಮಾತ್ರೆಯ ಬಣ್ಣ ನೋಡಿ ನುಂಗುವುದನ್ನು ನಾನು ಕಂಡಿದ್ದೇನೆ.

ತಾರೀಖು ಇರಲಿಲ್ಲ ಎಂದರೆ ಕಂಪನಿ ಅಚ್ಚು ಹಾಕಿರಲಿಲ್ಲ ಎಂದಲ್ಲ. ಹತ್ತು ಮಾತ್ರೆಗಳ ಸ್ಟ್ರಿಪ್ಪಿನಲ್ಲಿ ಔಷಧದ ಹೆಸರು ಹಿಂಬದಿಯ ಬೆಳ್ಳಿ ಹಾಳೆಯ ಉದ್ದಕ್ಕೂ ಮತ್ತೆ ಮತ್ತೆ ಬರುತ್ತದೆ. ಆದರೆ ಬ್ಯಾಚ್ ನಂಬರು, ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು ಮತ್ತು ಬೆಲೆ ಬಹುತೇಕ ಸ್ಟ್ರಿಪ್ಪುಗಳಲ್ಲಿ ಒಂದೇ ಕಡೆ, ಒಂದು ತುದಿಯಲ್ಲಿ ಇರುತ್ತವೆ. ಕೆಲವದರಲ್ಲಿ ಕಪ್ಪು ಶಾಯಿಯ ಅಚ್ಚು, ಇನ್ನು ಕೆಲವದರಲ್ಲಿ ಶಾಯಿಯೇ ಇಲ್ಲದೆ ಹಾಳೆಯ ಅಂಚಿಗೆ ಒತ್ತಿದ ಗುರುತು. ಒತ್ತಿದ ಗುರುತು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಸ್ಟ್ರಿಪ್ಪನ್ನು ಕಿಟಕಿಯ ಕಡೆ ಓರೆಯಾಗಿ ಹಿಡಿದರೆ ಅಕ್ಷರಗಳು ಎದ್ದು ಬರುತ್ತವೆ. ಆ ತುದಿ ಅಂಗಡಿಯವರ ಡ್ರಾಯರಿನಲ್ಲಿ ಉಳಿದು, ನಮ್ಮ ಹುಡುಗನ ಕೈಗೆ ಇನ್ನೊಂದು ತುದಿ ಬಂದಿತ್ತು, ಅಷ್ಟೇ.

"ಹೋಗಿ ಉಳಿದ ನಾಲ್ಕು ಮಾತ್ರೆಯ ತುಂಡನ್ನು ತೋರಿಸಲು ಹೇಳು, ಅದರ ಫೋಟೋ ತೆಗೆದುಕೋ, ನಿನ್ನ ತುಂಡಿನ ಪಕ್ಕದಲ್ಲಿ ಇಟ್ಟು ಕತ್ತರಿಸಿದ ಗೆರೆ ಕೂಡುತ್ತದೆಯೇ ನೋಡು" ಎಂದೆ. ಕೂಡಿತು. ಆ ಫೋಟೋವನ್ನೇ ಇಟ್ಟುಕೊಂಡು ಅವನಿಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರು. ಸ್ಟ್ರಿಪ್ಪಿನಲ್ಲಿ ಎರಡು ಹೆಸರುಗಳಿರುತ್ತವೆ. ಒಂದು ಕಂಪನಿ ಇಟ್ಟ ಹೆಸರು, ಅಂಗಡಿಯಲ್ಲಿ ನಾವು ಕೇಳುವುದು ಅದನ್ನೇ. ಇನ್ನೊಂದು ಒಳಗಿರುವ ಔಷಧದ ಹೆಸರು. ಅವನದರಲ್ಲಿ ಅದು ‘ಪ್ಯಾರಾಸಿಟಮಾಲ್ ಟ್ಯಾಬ್ಲೆಟ್ಸ್ ಐಪಿ 650 ಎಂಜಿ’ ಎಂದಿತ್ತು. ಐಪಿ ಎಂದರೆ ಇಂಡಿಯನ್ ಫಾರ್ಮಕೋಪಿಯಾ, ಅಂದರೆ ನಮ್ಮ ದೇಶದ ಔಷಧ ಗುಣಮಟ್ಟದ ಗ್ರಂಥದಲ್ಲಿ ಹೇಳಿದ ಅಳತೆಗೆ ತಯಾರಿಸಿದ್ದು ಎಂಬ ಗುರುತು. ವೈದ್ಯರ ಚೀಟಿಯ ಜೊತೆ ಹೋಲಿಸಬೇಕಾದದ್ದು ಈ ಎರಡನೆಯ ಹೆಸರನ್ನು ಮತ್ತು ಅದರ ಪಕ್ಕದ ಅಂಕಿಯನ್ನು. ಅಂಕಿಯ ಜೊತೆಗಿರುವ ಅಕ್ಷರಗಳನ್ನೂ ಬಿಡಬಾರದು. ಥೈರಾಯ್ಡ್ ಮಾತ್ರೆಯ 50 ಎಂಬುದು ಮಿಲಿಗ್ರಾಂ ಅಲ್ಲ, ಮೈಕ್ರೋಗ್ರಾಂ; ಒಂದು ಮಿಲಿಗ್ರಾಂ ಎಂದರೆ ಸಾವಿರ ಮೈಕ್ರೋಗ್ರಾಂ.

ಎರಡನೆಯ ಹೆಸರನ್ನು ಓದುವ ಅಭ್ಯಾಸ ಯಾಕೆ ಬೇಕೆಂಬುದು ಅವತ್ತೇ ಗೊತ್ತಾಯಿತು. ಅವನ ಕೋಣೆಯ ಗೆಳೆಯ ನೆಗಡಿಯ ಮಾತ್ರೆಯೊಂದನ್ನು ಕೊಟ್ಟಿದ್ದ. ಹೆಸರು ಬೇರೆ, ಬಣ್ಣ ಬೇರೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಸಿದರೆ ಅದರಲ್ಲಿಯೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್. ಎರಡನ್ನೂ ಒಟ್ಟಿಗೆ ನುಂಗಿದ್ದರೆ 1,150 ಮಿಲಿಗ್ರಾಂ ಒಂದೇ ಸಲಕ್ಕೆ ಹೊಟ್ಟೆಗೆ ಹೋಗುತ್ತಿತ್ತು, ಅವನ ಲೆಕ್ಕದಲ್ಲಿ ಮಾತ್ರ ಅದು ‘ಜ್ವರಕ್ಕೊಂದು, ನೆಗಡಿಗೊಂದು’. ಹೀಗೆ ಗೊತ್ತಿಲ್ಲದೆ ದಿನದ ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ. ಆ ಎಚ್ಚರಿಕೆಯೂ ಪ್ಯಾರಾಸಿಟಮಾಲ್ ಸ್ಟ್ರಿಪ್ಪಿನ ಮೇಲೆಯೇ ಅಚ್ಚಾಗಿರುತ್ತದೆ, ಓದುವವರು ಕಡಿಮೆ.

ಕೆಲವು ಸ್ಟ್ರಿಪ್ಪುಗಳ ಎಡಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಮತ್ತು ‘ಆರ್‌ಎಕ್ಸ್’ ಗುರುತು ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಅದನ್ನು ಕೇಳಬೇಡ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ.

ಇನ್ನು ಬ್ಯಾಚ್ ನಂಬರು. ‘ಬಿ. ನಂ.’ ಎಂದೋ ‘ಲಾಟ್’ ಎಂದೋ ಬರೆದು, ಮುಂದೆ ಅಕ್ಷರ ಅಂಕಿ ಕಲಸಿದ ಒಂದು ಸಾಲು. ಅದನ್ನು ಬಿಡಿಸಿ ಅರ್ಥ ಹುಡುಕುವುದು ಬೇಡ, ಪ್ರತಿ ಕಂಪನಿಗೂ ತನ್ನದೇ ಲೆಕ್ಕವಿದೆ. ನಾವು ಒಂದು ಹದ ಹಪ್ಪಳದ ಹಿಟ್ಟು ಕಲಸುತ್ತೇವಲ್ಲ, ಉಪ್ಪು ಹೆಚ್ಚಾದರೆ ಆ ಹಿಟ್ಟಿನ ಹಪ್ಪಳವೆಲ್ಲ ಉಪ್ಪಾಗುತ್ತದೆ, ಮರುದಿನ ಕಲಸಿದ್ದು ಆಗುವುದಿಲ್ಲ. ಬ್ಯಾಚ್ ಎಂದರೆ ಹಾಗೆ ಒಂದು ಸಲಕ್ಕೆ ಒಟ್ಟಿಗೆ ತಯಾರಾದ ಮಾತ್ರೆಗಳ ರಾಶಿ. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯು ಪರೀಕ್ಷೆಯಲ್ಲಿ ಗುಣಮಟ್ಟ ತಲುಪದ ಔಷಧಗಳ ಪಟ್ಟಿಯನ್ನು ಪ್ರತಿ ತಿಂಗಳು ತನ್ನ ಜಾಲತಾಣದಲ್ಲಿ ಹಾಕುತ್ತದೆ. ಪತ್ರಿಕೆಯಲ್ಲಿ ‘ಇಂಥ ಮಾತ್ರೆ ಕಳಪೆ’ ಎಂಬ ತಲೆಬರಹ ನೋಡಿ ಮನೆಯಲ್ಲಿರುವ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿಬಿಡುವವರಿದ್ದಾರೆ. ಪಟ್ಟಿಯಲ್ಲಿ ಬರುವುದು ನಿರ್ದಿಷ್ಟ ಬ್ಯಾಚು. ಔಷಧದ ಹೆಸರು, ತಯಾರಕರ ಹೆಸರು, ಬ್ಯಾಚ್ ನಂಬರು ಮೂರೂ ಹೊಂದಿದರೆ ಮಾತ್ರ ಅದು ನಿಮ್ಮ ಮನೆಯ ಸ್ಟ್ರಿಪ್ಪು. ಆಗಲೂ ಮಾತ್ರೆಯನ್ನು ಸುಮ್ಮನೆ ನಿಲ್ಲಿಸದೆ, ಅಂಗಡಿಗೆ ಒಯ್ದು ಬೇರೆ ಬ್ಯಾಚಿನದು ಪಡೆಯಬೇಕು. ಮಾತ್ರೆ ನುಂಗಿದ ಮೇಲೆ ಮೈಮೇಲೆ ಗಂಧೆ ಎದ್ದರೋ ಉಸಿರು ಕಟ್ಟಿದಂತಾದರೋ ಆಸ್ಪತ್ರೆಗೆ ಹೋಗುವಾಗ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡಿದು ಹೋಗಿ. ಅಂಥ ತೊಂದರೆಯನ್ನು ವರದಿ ಮಾಡುವ ನಮೂನೆಯಲ್ಲಿ ಬ್ಯಾಚ್ ನಂಬರಿಗೂ ಜಾಗವಿದೆ.

ಬಿಲ್ಲಿನಲ್ಲಿಯೂ ಬ್ಯಾಚ್ ನಂಬರು ಇರುತ್ತದೆ. ನಾನು ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಎರಡನ್ನೂ ಹೋಲಿಸುತ್ತೇನೆ, ಹಿಂದೆ ನಿಂತವರು ಗೊಣಗಿದರೂ ಸರಿ. ಒಮ್ಮೆ ಬಿಲ್ಲಿನಲ್ಲಿ ಒಂದು ನಂಬರು, ಸ್ಟ್ರಿಪ್ಪಿನಲ್ಲಿ ಇನ್ನೊಂದು ಇತ್ತು. ಕೇಳಿದರೆ ಕಂಪ್ಯೂಟರಿನಲ್ಲಿ ಹಳೆಯ ದಾಸ್ತಾನು ಮೊದಲು ಬರುತ್ತದೆ ಎಂದರು. ಮೋಸವಲ್ಲ, ಅಜಾಗರೂಕತೆ. ಆದರೆ ನಾಳೆ ವಾಪಸು ಕೊಡಲು ಹೋದಾಗ ‘ಇದು ನಮ್ಮ ಅಂಗಡಿಯದಲ್ಲ’ ಎನ್ನಲು ಅಷ್ಟೇ ಸಾಕಲ್ಲವೇ? ಬಿಲ್ಲು ತಿದ್ದಿಸಿಕೊಂಡೇ ಬಂದೆ. ಬೆಲೆಯ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಎಂಆರ್‌ಪಿ ಇಡೀ ಸ್ಟ್ರಿಪ್ಪಿನದು. 10 ಮಾತ್ರೆಗೆ 30 ರೂಪಾಯಿ ಎಂದಿದ್ದರೆ ಆರಕ್ಕೆ 18 ರೂಪಾಯಿ, ಅದಕ್ಕಿಂತ ಹೆಚ್ಚಿಲ್ಲ.

ತಾರೀಖಿನಲ್ಲಿ ಹೊಸಬರು ಎಡವುವುದು ಎರಡು ಕಡೆ. ಹುಡುಗನ ಸ್ಟ್ರಿಪ್ಪಿನಲ್ಲಿ ‘ಎಂಎಫ್‌ಜಿ 05/24’, ಅದರ ಕೆಳಗೆ ‘ಎಕ್ಸ್‌ಪಿ 04/27’ ಎಂದಿತ್ತು. ಮೊದಲನೆಯದು ತಯಾರಾದ ತಿಂಗಳು. ಅವಸರದಲ್ಲಿ ಅದನ್ನೇ ಅವಧಿ ಎಂದುಕೊಂಡು ಒಳ್ಳೆಯ ಮಾತ್ರೆಯನ್ನು ಎಸೆದವರುಂಟು. ಎರಡನೆಯದನ್ನು ಅವನು ‘ಏಪ್ರಿಲ್ 27’ ಎಂದು ಓದಿದ. ಅಲ್ಲಿ ದಿನ ಎಂಬುದೇ ಇಲ್ಲ. ತಿಂಗಳು, ಆಮೇಲೆ ವರ್ಷ. 04/27 ಎಂದರೆ 2027ರ ಏಪ್ರಿಲ್. ನಮ್ಮ ದೇಶದ ನಿಯಮದಂತೆ ಆ ತಿಂಗಳ ಕೊನೆಯ ದಿನದವರೆಗೆ, ಅಂದರೆ ಏಪ್ರಿಲ್ 30ರವರೆಗೆ ಮಾತ್ರೆಯನ್ನು ಬಳಸಬಹುದು. ಮೇ 1ರಿಂದ ಅದನ್ನು ಮಾರುವಂತಿಲ್ಲ, ನುಂಗುವಂತೆಯೂ ಇಲ್ಲ.

ನಿತ್ಯ ನುಂಗುವ ಮಾತ್ರೆಯಾದರೆ ಕೊಳ್ಳುವ ದಿನ ಅವಧಿ ಇದ್ದರೆ ಸಾಲದು, ಕೊನೆಯ ಮಾತ್ರೆ ನುಂಗುವ ದಿನವೂ ಇರಬೇಕು. ಇದೇ 04/27ರ ಮಾತ್ರೆಯನ್ನು ದಿನಕ್ಕೊಂದರಂತೆ ಮೂರು ತಿಂಗಳಿಗೆಂದು 2027ರ ಫೆಬ್ರುವರಿ 10ರಂದು ತೊಂಬತ್ತು ಕೊಂಡಿರಿ ಎನ್ನಿ. ಫೆಬ್ರುವರಿಯಲ್ಲಿ 19, ಮಾರ್ಚಿನಲ್ಲಿ 31, ಏಪ್ರಿಲಿನಲ್ಲಿ 30, ಒಟ್ಟು ಎಂಬತ್ತು. ಉಳಿದ ಹತ್ತು ಮಾತ್ರೆಗಳು ಮೇ ತಿಂಗಳಿಗೆ ಬೀಳುತ್ತವೆ. ರಿಯಾಯಿತಿ ಕೊಡುತ್ತೇವೆ ಎಂದು ಅಂಗಡಿಯವರು ಒಟ್ಟಿಗೆ ಕೊಡಲು ಬಂದಾಗ ನಾನು ಕೈಬೆರಳಿನಲ್ಲಿ ಈ ಲೆಕ್ಕ ಹಾಕುತ್ತೇನೆ.

ಆ ತಾರೀಖಿಗೂ ಒಂದು ಷರತ್ತಿದೆ. ಸ್ಟ್ರಿಪ್ಪಿನ ಮೇಲೆ ಹೇಳಿದ ಹಾಗೆ ಇಟ್ಟರೆ ಮಾತ್ರ ಅದು ನಿಜ. ಸಾಮಾನ್ಯವಾಗಿ ಇರುವ ಸೂಚನೆ, ಬೆಳಕು ಮತ್ತು ತೇವ ತಾಗದಂತೆ 30 ಡಿಗ್ರಿ ಸೆಲ್ಸಿಯಸ್ ಮೀರದ ಕಡೆ ಇಡಿ ಎಂಬುದು, ಕೆಲವಕ್ಕೆ 25. ಇದನ್ನು ಓದಿ ಎಲ್ಲವನ್ನೂ ಫ್ರಿಜ್ಜಿಗೆ ತುಂಬುವವರಿದ್ದಾರೆ. ‘ಕೂಲ್ ಪ್ಲೇಸ್’ ಎಂದಿದ್ದರೂ ಅದು ಫ್ರಿಜ್ ಅಲ್ಲ, 8ರಿಂದ 25 ಡಿಗ್ರಿಯ ತಂಪು ಜಾಗ. 2ರಿಂದ 8 ಡಿಗ್ರಿ ಎಂದು ಬರೆದದ್ದಕ್ಕೆ ಮಾತ್ರ ಫ್ರಿಜ್, ಅದೂ ಮಂಜುಗಡ್ಡೆಯ ಖಾನೆಯ ಹತ್ತಿರವಲ್ಲ, ಬಾಗಿಲಲ್ಲೂ ಅಲ್ಲ, ನಡುವಿನ ತಟ್ಟೆಯಲ್ಲಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಕೆಲಸಕ್ಕೆ ಬಾರದು.

ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಅಲ್ಲಿ ಒಲೆಯ ಮೇಲಿನ ಗೂಡು, ಟಿವಿಯ ಹಿಂದು, ಕಾರಿನ ಡಬ್ಬಿ ಯಾವುದೂ ಮಾತ್ರೆಗೆ ಜಾಗವಲ್ಲ. ಒಳಕೋಣೆಯ ಬೀರುವಿನ ಕೆಳಗಿನ ಅರೆ ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುತ್ತದೆ. ನಾನಿರುವುದು ಸಾಗರದ ಕಡೆ. ಇಲ್ಲಿ ಶತ್ರು ಬಿಸಿಲಲ್ಲ, ತೇವ. ನಮ್ಮ ಯಜಮಾನರಿಗೆ ಹೃದಯಕ್ಕೆಂದು 75 ಮಿಲಿಗ್ರಾಮಿನ ಆಸ್ಪಿರಿನ್ ಬರೆದುಕೊಟ್ಟಿದ್ದರು. ಬೆಳಿಗ್ಗೆ ಬಿಡಿಸುವುದು ಕಷ್ಟವೆಂದು ಒಂದು ತಿಂಗಳ ಮಾತ್ರೆಗಳನ್ನೆಲ್ಲ ಹಾಳೆಯಿಂದ ತೆಗೆದು ಸಣ್ಣ ಡಬ್ಬಿಗೆ ಹಾಕಿಟ್ಟೆ. ಆಷಾಢದ ಮಳೆ. ಎರಡು ವಾರಕ್ಕೆ ಡಬ್ಬಿ ತೆರೆದರೆ ಹುಳಿ ವಾಸನೆ, ಅಂಗಡಿಯ ವಿನೆಗರ್ ಸೀಸೆ ಬಿಚ್ಚಿದ ಹಾಗೆ. ಆಸ್ಪಿರಿನ್ ತೇವ ಕುಡಿದರೆ ಒಡೆದು ಅದೇ ಆಮ್ಲ ಹುಟ್ಟುತ್ತದೆ ಎಂದು ಔಷಧ ಅಂಗಡಿಯ ಹಿರಿಯರು ಆಮೇಲೆ ತಿಳಿಸಿದರು. ಸ್ಟ್ರಿಪ್ಪಿನ ಮೇಲಿನ ತಾರೀಖಿಗೆ ಇನ್ನೂ ಒಂದು ವರ್ಷ ಬಾಕಿ ಇತ್ತು, ಆದರೆ ಆ ತಾರೀಖು ಹಾಳೆಯೊಳಗಿನ ಮಾತ್ರೆಗೆ, ನನ್ನ ಡಬ್ಬಿಯ ಮಾತ್ರೆಗಲ್ಲ. ಡಬ್ಬಿಗೆ ಸುರಿದ ಮೇಲೆ ಹೆಸರೂ ಇಲ್ಲ, ಬ್ಯಾಚೂ ಇಲ್ಲ. ಪುಡಿಗೆ ನೀರು ಬೆರೆಸುವ ಮಕ್ಕಳ ಆಂಟಿಬಯಾಟಿಕ್ ಸಿರಪ್ಪಿಗೂ ಹೀಗೆಯೇ: ನೀರು ಬೆರೆಸಿದ ಮೇಲೆ ಸೀಸೆಯ ತಾರೀಖನ್ನು ಮರೆತು, ಇಷ್ಟು ದಿನದೊಳಗೆ ಮುಗಿಸಿ ಎಂಬ ಸಣ್ಣ ಸಾಲನ್ನು ಹುಡುಕಬೇಕು. ಹಲವಕ್ಕೆ ಅದು ಏಳೇ ದಿನ.

ಅಂಗಡಿಯಲ್ಲಿ ಪೂರ್ತಿ ಸ್ಟ್ರಿಪ್ ಬೇಡವೆಂದಾಗ ಅಚ್ಚಿರುವ ತುದಿ ನನಗೆ ಬರಲಿ ಎಂದು ಕೇಳಿದರೆ, ಅದು ಅವರ ಬಳಿ ಉಳಿಯಬೇಕು ಎನ್ನುತ್ತಾರೆ. ಅವರದೂ ಸರಿಯೇ, ಉಳಿದ ನಾಲ್ಕನ್ನು ಕೊಳ್ಳುವವರಿಗೂ ತಾರೀಖು ಬೇಡವೇ? ಹಾಗಾಗಿ ಕತ್ತರಿ ಬೀಳುವ ಮೊದಲು ಇಡೀ ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತೆಗೆದುಕೊಳ್ಳುತ್ತೇನೆ. ಮನೆಗೆ ಬಂದ ಪೂರ್ತಿ ಸ್ಟ್ರಿಪ್ಪಿನಲ್ಲಿ ಮಾತ್ರ ಮೊದಲ ಮಾತ್ರೆಯನ್ನು ಅಚ್ಚಿಲ್ಲದ ತುದಿಯಿಂದಲೇ ತೆಗೆಯುವುದು. ಮೊನ್ನೆ ಹಾಸ್ಟೆಲಿನಿಂದ ಇನ್ನೊಂದು ಫೋಟೋ ಬಂತು, ಎರಡೇ ಮಾತ್ರೆ ಉಳಿದ ಸ್ಟ್ರಿಪ್ಪು. ಎಕ್ಸ್‌ಪಿ ಸಾಲು ಸ್ಪಷ್ಟವಾಗಿ ಕಾಣುತ್ತಿತ್ತು.