ಮೂರು ಡಬ್ಬ, ಇಬ್ಬರು ಮಕ್ಕಳು, ಒಂದು ತಟ್ಟೆ

ಹಾಸನದ ವಿದ್ಯಾನಗರದಲ್ಲಿ ನಮ್ಮದು ಎರಡು ಬೆಡ್‌ರೂಮಿನ ಚಿಕ್ಕ ಫ್ಲಾಟ್. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಅಲ್ಲಿ ಕಸಕ್ಕೆ ಹಸಿ, ಒಣ, ಅಪಾಯಕಾರಿ ಅಂತ ಮೂರು ಡಬ್ಬ ಇಡುತ್ತೇನೆ ಅಂದಾಗ ಅತ್ತೆ, "ಇದೆಲ್ಲ ನಾಲ್ಕು ದಿನದ ಶೋಕಿ ಕಣಮ್ಮ" ಅಂದಿದ್ದರು. ಮಕ್ಕಳಿರುವ ಮನೆಯಲ್ಲಿ ನಡೆಯಲ್ಲ ಅಂತ ಪಕ್ಕದ ಮನೆಯವರೂ ಹೇಳಿದರು. ಈಗ ವರ್ಷ ದಾಟಿದೆ. ಹತ್ತು ವರ್ಷದ ಮಗಳು, ಆರು ವರ್ಷದ ಮಗ ಇಬ್ಬರೂ ಸರಿಯಾಗಿ ಹಾಕುತ್ತಿದ್ದಾರೆ. ನಮ್ಮ ಬಿಲ್ಡಿಂಗಿನಲ್ಲಿ ಇನ್ನೂ ಎರಡು ಮನೆಯವರು ನನ್ನನ್ನು ಕೇಳಿಕೊಂಡೇ ಶುರು ಮಾಡಿದ್ದಾರೆ.

ಮೊದಲು ಹೋದ ದುಡ್ಡಿನ ಲೆಕ್ಕ. ಕಾಲಲ್ಲಿ ಒತ್ತುವ ಪೆಡಲ್ ಡಬ್ಬ ಮೂರು ತಂದೆ, ಹತ್ತಿರ ಹತ್ತಿರ 1,800 ರೂಪಾಯಿ. ಮಗ ಒತ್ತಿದರೆ ಡಬ್ಬವೇ ವಾಲುತ್ತಿತ್ತು. ಬೇಸತ್ತು ಎಲ್ಲವನ್ನೂ ಮುಚ್ಚಳ ಇಲ್ಲದ ಒಣ ಕಸದ ಚೀಲಕ್ಕೆ ಹಾಕತೊಡಗಿದ. ಗೋಡೆಗೆ ಸ್ಟಾರ್ ಚಾರ್ಟ್ ಅಂಟಿಸಿದೆ. ಸ್ಟಾರ್ ಸಿಗುವವರೆಗೆ ನಡೆಯಿತು. ಆಮೇಲೆ ಯಾರು ತಪ್ಪು ಹಾಕಿದರು ಅಂತ ಅಕ್ಕ ತಮ್ಮನ ಜಗಳವೇ ಜಾಸ್ತಿಯಾಯಿತು.

ಒಂದು ವಾರ ರಾತ್ರಿ ಕೂತು ಒಣ ಕಸದ ಚೀಲ ಬಿಡಿಸಿ ನೋಡಿದೆ. ತಪ್ಪುಗಳು ಎಲ್ಲೆಲ್ಲೋ ಚದುರಿರಲಿಲ್ಲ, ಎರಡೇ ಜಾಗದಲ್ಲಿದ್ದವು. ಒಂದು, ಬಾಳೆಸಿಪ್ಪೆಯಂಥ ಹಸಿ ಕಸ ಒಣ ಚೀಲದಲ್ಲಿ. ಮಗನ ಹಳೇ ರೂಢಿ ಹೋಗಿರಲಿಲ್ಲ. ಮಗಳಿಗಂತೂ ವಾಸನೆಗೆ ಹಸಿ ಡಬ್ಬದ ಮುಚ್ಚಳ ತೆಗೆಯೋಕೇ ಅಸಹ್ಯ. ಇನ್ನೊಂದು, ಒಂದೇ ವಸ್ತುವಿನಲ್ಲಿ ಎರಡು ಕಸ ಇದ್ದದ್ದು: ಅರ್ಧ ತಿಂದ ಐಸ್‌ಕ್ರೀಂ ಕಪ್ಪು, ಫಾಯಿಲ್‌ನಲ್ಲಿ ಸುತ್ತಿದ ಚಪಾತಿ ಚೂರು, ಜ್ಯೂಸ್ ಉಳಿದಿರುವ ಪೊಟ್ಟಣ. ಮಕ್ಕಳಿಗೆ ಗೊತ್ತಿಲ್ಲ ಅಂತಲ್ಲ. ಅದನ್ನು ಬಿಡಿಸಿ ಹಾಕಬೇಕು ಅಂತ ಯಾರೂ ತೋರಿಸಿರಲಿಲ್ಲ.

ವಾಸನೆಗೆ ಕಾರಣ ನೀರು. ಸಾರು, ಮಜ್ಜಿಗೆ, ತೊಳೆದ ತರಕಾರಿಯ ನೀರು ತಳದಲ್ಲಿ ನಿಂತು ಕೊಳೆಯುತ್ತೆ. ಪೆಡಲ್ ಡಬ್ಬ ಬಿಟ್ಟು, ಕಟ್ಟಿನಕೆರೆ ಮಾರ್ಕೆಟ್ ಕಡೆಯಿಂದ ಮುಚ್ಚಳ ಇರುವ ಹತ್ತು ಲೀಟರಿನ ಬಕೆಟ್ ತಂದೆ, ನೂರಿಪ್ಪತ್ತೋ ನೂರೈವತ್ತೋ. ತಳಕ್ಕೆ ಎರಡು ಮಡಿಕೆ ಪೇಪರ್, ಪ್ಲಾಸ್ಟಿಕ್ ಕವರ್ ಇಲ್ಲ. ಸಿಂಕಿನಲ್ಲಿ ಜಾಲರಿ ಇಟ್ಟು, ಎಂಜಲೆಲ್ಲ ಅದರಲ್ಲಿ ಬಸಿದ ಮೇಲೇ ಬಕೆಟ್ಟಿಗೆ. ಬೆಳಿಗ್ಗೆ ಸುರಿಯುವಾಗ ಪೇಪರ್ ಹರಿಯದೆ ಕಸದ ಜೊತೆ ಜಾರಿ ಬಂದರೆ ಸರಿ. ನೆಂದು ತಳಕ್ಕೆ ಅಂಟಿದರೆ ಯಾರೋ ಬಸಿದಿಲ್ಲ ಅಂತ ಅರ್ಥ. ವಾಸನೆ ಹೋದ ಮೇಲೆ ಮಗಳು ತಾನಾಗೇ ಮುಚ್ಚಳ ತೆಗೆಯತೊಡಗಿದಳು. ಮಳೆಗಾಲದಲ್ಲಿ ಪೇಪರಿನ ಮೇಲೆ ನಾನು ಒಂದು ಪುಡಿ ಉದುರಿಸುತ್ತೇನೆ. ಅದನ್ನು ಇಲ್ಲಿ ಹೇಳಲ್ಲ, ಮನೆಗೆ ಬಂದವರಿಗೆ ಮಾತ್ರ.

ಒಣ ಕಸಕ್ಕೆ 25 ಕೆಜಿ ಅಕ್ಕಿ ಚೀಲ, ಮಗನ ಸೊಂಟದ ಎತ್ತರಕ್ಕೆ ಕೊಕ್ಕೆಗೆ ನೇತುಹಾಕಿದ್ದೇನೆ. ಹಾಲಿನ ಕವರಿನ ಮೂಲೆ ಪೂರ್ತಿ ಕತ್ತರಿಸಬಾರದು, ಆ ಚೂರು ಯಾವ ಚೀಲದಲ್ಲೂ ನಿಲ್ಲದೆ ಹಸಿ ಕಸಕ್ಕೆ ಸೇರುತ್ತೆ. ಅರ್ಧ ಸೀಳಿ, ಖಾಲಿಯಾದ ಮೇಲೆ ತೊಳೆದು, ಸಿಂಕಿನ ಪಕ್ಕದ ದಾರಕ್ಕೆ ಕ್ಲಿಪ್ ಹಾಕುವುದು ಮಗಳ ಕೆಲಸ.

ಇನ್ನು ಮೂರನೇ ಡಬ್ಬ. ಎಲ್ಲ ಬದಲಾದದ್ದು ಇಲ್ಲೇ. ಪ್ಯಾಡು, ಬ್ಲೇಡು, ಹಳೇ ಮಾತ್ರೆ, ಆಟಿಕೆಯ ಬ್ಯಾಟರಿ ಇರುವ ಡಬ್ಬವನ್ನು ಮಕ್ಕಳ ಕೈಗೆ ಯಾಕೆ ಕೊಡಬೇಕು? ಅದನ್ನು ಬಚ್ಚಲುಮನೆಯ ಮೇಲಿನ ಶೆಲ್ಫಿಗೆ ಏರಿಸಿದೆ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕುತ್ತೇನೆ. ಬ್ಲೇಡು ಮತ್ತು ಬ್ಯಾಟರಿಗೆ ಅದರೊಳಗೇ ಒಂದೊಂದು ಹಳೇ ಮಾತ್ರೆ ಬಾಟಲಿ. ಮಕ್ಕಳಿಗೆ ಉಳಿದದ್ದು ಎರಡು ಡಬ್ಬ, ಫ್ರಿಜ್ ಪಕ್ಕ ಒಂದು ಸ್ಟೀಲ್ ತಟ್ಟೆ. ಗೊತ್ತಾಗದ್ದೆಲ್ಲ ತಟ್ಟೆಗೆ. ಬೈಯುವುದಿಲ್ಲ. ರಾತ್ರಿ ಊಟ ಆದ ಮೇಲೆ ಎರಡು ನಿಮಿಷ ಕೂತು ಬಿಡಿಸುತ್ತೇವೆ. ಐಸ್‌ಕ್ರೀಂ ಕಪ್ಪಾದರೆ ಉಳಿದದ್ದು ಜಾಲರಿಗೆ, ಕಪ್ಪು ತೊಳೆದು ಚೀಲಕ್ಕೆ, ಮರದ ಚಮಚ ಹಸಿಗೆ. ಶುರುವಿನಲ್ಲಿ ತಟ್ಟೆ ತುಂಬುತ್ತಿತ್ತು. ಒಂದೆರಡು ತಿಂಗಳಲ್ಲಿ ದಿನಕ್ಕೆ ಒಂದೋ ಎರಡೋ ವಸ್ತುವಿಗೆ ಇಳಿಯಿತು.

ಬಾಲ್ಕನಿಯಲ್ಲಿ ಪೇಂಟ್ ಬಕೆಟ್ಟಿಗೆ ತೂತು ಕೊರೆದು ಗೊಬ್ಬರವನ್ನೂ ಮಾಡಿ ನೋಡಿದೆ. ಬೇಸಿಗೆಯಲ್ಲಿ ಚೆನ್ನಾಗಿ ಬಂತು, ಜುಲೈ ಮಳೆಗೆ ಹುಳಿ ವಾಸನೆ. ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಎರಡರಷ್ಟು ಹಾಕಿದ ಮೇಲೆ ಸುಧಾರಿಸಿತು, ಆದರೆ ಖರ್ಚು ಏರಿತು. ಈಗ ಬೇಸಿಗೆಗೆ ಮಾತ್ರ.

ರಟ್ಟು, ಪೇಪರ್, ಬಾಟಲಿ ಗುಜರಿಗೆ. ಪೇಪರಿಗೆ ಕೆಜಿಗೆ 12 ರೂಪಾಯಿ ಆಸುಪಾಸು ಸಿಗುತ್ತೆ. ಆ ದುಡ್ಡು ಇಬ್ಬರಿಗೂ ಸಮ. ಯಾರು ಎಷ್ಟು ಹಾಕಿದರು ಅಂತ ಲೆಕ್ಕ ಇಡುವುದಿಲ್ಲ, ಅದಕ್ಕೇ ಜಗಳ ನಿಂತಿತು. ಬೆಳಿಗ್ಗೆ ಕಸದ ಗಾಡಿ ಬಂದಾಗ ಬಕೆಟ್ ಕೆಳಗೆ ಒಯ್ಯುವುದೂ ಅವರೇ. "ನಿಮ್ಮ ಮನೆ ಕಸದಲ್ಲಿ ಕೈಹಾಕೋಕೆ ಭಯ ಇಲ್ಲ ಪುಟ್ಟಾ" ಅಂತ ಗಾಡಿಯ ಅಕ್ಕ ಮಗನಿಗೆ ಹೇಳಿದ್ದು ನನ್ನ ಎಲ್ಲ ಸ್ಟಾರುಗಳಿಗಿಂತ ಜಾಸ್ತಿ ಕೆಲಸ ಮಾಡಿತು.

ಅವರೆಕಾಯಿ ಕಾಲದಲ್ಲಿ ಮಾತ್ರ ಈ ಹತ್ತು ಲೀಟರ್ ಸಾಲದು. ಡಿಸೆಂಬರ್, ಜನವರಿಯಲ್ಲಿ ಹಿತಕವರೆ ಮಾಡುವ ದಿನ ಸಿಪ್ಪೆಗೇ ಇನ್ನೊಂದು ಬಕೆಟ್ ಬೇಕು, ಮೊದಲೇ ಎತ್ತಿಟ್ಟುಕೊಳ್ಳಿ.