ಆತಂಕವನ್ನು ಷರತ್ತಾಗಿ ಬರೆಯುವುದು: ಎಥಿಕ್ಸ್ ಕಮಿಟಿಯ ನಡಾವಳಿ, ನನ್ನ ಅನುಭವ

ಮನುಷ್ಯರ ಮೇಲೆ ನಡೆಯುವ ಸಂಶೋಧನೆಯನ್ನು ಮೊದಲೇ ಪರಿಶೀಲಿಸಿ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯೊಂದಕ್ಕೆ, ಒಂದು ವೈದ್ಯಕೀಯ ಕಾಲೇಜಿನಲ್ಲಿ, ನಾನು ಸದಸ್ಯ ಕಾರ್ಯದರ್ಶಿ. ಪಿಜಿ ವಿದ್ಯಾರ್ಥಿಗಳ ಡಿಸರ್ಟೇಶನ್ ಪ್ರೋಟೋಕಾಲ್‌ಗಳೇ, ಅಂದರೆ ಅಧ್ಯಯನ ಹೇಗೆ ಮಾಡುತ್ತೇವೆಂಬ ಲಿಖಿತ ಯೋಜನೆಗಳೇ, ನಮ್ಮಲ್ಲಿಗೆ ಹೆಚ್ಚಾಗಿ ಬರುತ್ತವೆ. ಸಭೆಯ ನಡಾವಳಿ ಬರೆಯುವ ಹೊಣೆ ನನ್ನದು. ಹಾಜರಾತಿ, ಕೋರಂ, ಹಿಂದಿನ ನಡಾವಳಿಯ ದೃಢೀಕರಣ, ಇವೆಲ್ಲ ಮಾಮೂಲು. ನನ್ನ ಹೊತ್ತೆಲ್ಲ ಹೋಗುವುದು ಬೇರೆ ಕಡೆ: ಸದಸ್ಯರೊಬ್ಬರು ಬಾಯಲ್ಲಿ ಹೇಳಿದ ಆತಂಕವನ್ನು ಸಂಶೋಧಕರು ಪಾಲಿಸಬಲ್ಲ, ನಾವು ಪರಿಶೀಲಿಸಬಲ್ಲ ಷರತ್ತನ್ನಾಗಿ ಮಾಡುವುದರಲ್ಲಿ. ಒಂದೇ ಪ್ರೋಟೋಕಾಲ್ ಹಿಡಿದು ಅದನ್ನು ಹೇಳುತ್ತೇನೆ. ಗುರುತು ಸಿಗದಿರಲೆಂದು ಕೆಲವು ವಿವರ ಬದಲಿಸಿದ್ದೇನೆ.

ವಸತಿ ಶಾಲೆಯೊಂದರ 11ರಿಂದ 16 ವರ್ಷದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಎಂದು ನೋಡುವ ಅಧ್ಯಯನ ಅದು. ತಲಾ 5 ಮಿ.ಲೀ. ರಕ್ತ ತೆಗೆದು ಹಿಮೋಗ್ಲೋಬಿನ್ ಮತ್ತು ದೇಹದ ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆ ಮಾಡುವುದು, ಜೊತೆಗೆ ಊಟ ಮತ್ತು ಮುಟ್ಟಿನ ಬಗ್ಗೆ ಒಂದು ಪ್ರಶ್ನಾವಳಿ. ಔಷಧ ಕೊಡುವುದಿಲ್ಲ, ಹಾನಿಯ ಸಾಧ್ಯತೆ ಕಡಿಮೆ ಎಂದು ವಿದ್ಯಾರ್ಥಿನಿ ತ್ವರಿತ ಪರಿಶೀಲನೆ, ಅಂದರೆ ಪೂರ್ಣ ಸಭೆಯಿಲ್ಲದೆ ಕೆಲವೇ ಸದಸ್ಯರ ಪರಿಶೀಲನೆ, ಕೇಳಿದ್ದರು. ನಾನು ಪೂರ್ಣ ಸಮಿತಿಗೇ ಹಾಕಿದೆ. ಮಕ್ಕಳು, ಅದರಲ್ಲೂ ಅಪ್ಪ ಅಮ್ಮನಿಂದ ದೂರ, ವಾರ್ಡನ್ ಮಾತು ಮೀರಲಾಗದ ಕಡೆ ಇರುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಇಂಥವರನ್ನು ದುರ್ಬಲ ಗುಂಪು ಎಂದೇ ಪರಿಗಣಿಸುತ್ತದೆ. ತ್ವರಿತ ಪರಿಶೀಲನೆ ಏಕೆ ಕೊಡಲಿಲ್ಲ ಎಂಬ ಕಾರಣವನ್ನೂ ನಡಾವಳಿಯಲ್ಲಿ ಒಂದು ವಾಕ್ಯದಲ್ಲಿ ಬರೆದೆ.

ಅಧ್ಯಯನದ ಗೈಡ್ ನಮ್ಮ ಸಮಿತಿಯ ಸದಸ್ಯರೇ ಆಗಿದ್ದರು. ಚರ್ಚೆ ಶುರುವಾಗುವ ಮೊದಲೇ ಅವರು ಅದನ್ನು ತಿಳಿಸಿ ಹೊರಗೆ ಹೋದರು. ಹಿತಾಸಕ್ತಿ ಘೋಷಿಸಿದ್ದು, ಚರ್ಚೆಗೂ ನಿರ್ಧಾರಕ್ಕೂ ಅವರು ಇರದಿದ್ದುದು, ಅವರನ್ನು ಬಿಟ್ಟೂ ಕೋರಂ ಉಳಿದದ್ದು, ಈ ಮೂರನ್ನೂ ಬರೆಯಬೇಕು. ಕಡೆಯದನ್ನು ಬಿಟ್ಟರೆ ಇಡೀ ನಿರ್ಧಾರವೇ ಪ್ರಶ್ನೆಗೆ ಸಿಕ್ಕುತ್ತದೆ. ಕನಿಷ್ಠ ಐದು ಜನ ಉಳಿಯಬೇಕು. ಐವರೂ ವೈದ್ಯರಾದರೆ ಅದು ಕೋರಂ ಅಲ್ಲ. ಆದ್ದರಿಂದ ಸಂಖ್ಯೆಯ ಜೊತೆಗೆ ಉಳಿದವರಲ್ಲಿ ವಕೀಲರು ಮತ್ತು ಜನಸಾಮಾನ್ಯರ ಪ್ರತಿನಿಧಿ ಇದ್ದರೆಂದೂ ಸೇರಿಸಿದೆ.

ಚರ್ಚೆ ಮೊದಲು ಸಮ್ಮತಿ ಪತ್ರದ ಮೇಲೆ ನಡೆಯಿತು. ಮುಖ್ಯೋಪಾಧ್ಯಾಯರ ಅನುಮತಿ ಪಡೆದು, ಪೋಷಕರಿಗೆ ಪತ್ರ ಕಳಿಸಿ, ವಾರದೊಳಗೆ ಬೇಡವೆನ್ನದಿದ್ದರೆ ಒಪ್ಪಿದ್ದಾರೆಂದು ತಿಳಿಯುವುದು ಪ್ರೋಟೋಕಾಲಿನ ಯೋಜನೆ. ಸೂಜಿ ಚುಚ್ಚಿ ರಕ್ತ ತೆಗೆಯುವ ಅಧ್ಯಯನಕ್ಕೆ ಇದು ನಡೆಯುವುದಿಲ್ಲ. ಶಾಲೆಯ ಅನುಮತಿ ಒಳಗೆ ಬರಲು ಬಾಗಿಲು ತೆರೆಯುತ್ತದೆ, ಅಷ್ಟೇ. ಮಗುವಿನ ಪರವಾಗಿ ಒಪ್ಪುವ ಅಧಿಕಾರ ಅದಕ್ಕಿಲ್ಲ. ಪೋಷಕರಲ್ಲಿ ಒಬ್ಬರ ಸಹಿ ಬೇಕು. 7ರಿಂದ 12 ವರ್ಷದ ಮಕ್ಕಳಿಂದ ಬಾಯಿಮಾತಿನ ಒಪ್ಪಿಗೆ, ಅದಕ್ಕಿಂತ ದೊಡ್ಡವರಿಂದ ಬರಹದ ಒಪ್ಪಿಗೆ ಬೇಕು.

ಆಮೇಲೆ ನಮ್ಮ ಜನಸಾಮಾನ್ಯರ ಪ್ರತಿನಿಧಿ, ನಿವೃತ್ತ ಶಿಕ್ಷಕಿ, ಕೇಳಿದರು: “ರಕ್ತ ಕಡಿಮೆ ಇದೆ ಅಂತ ಗೊತ್ತಾದ ಮೇಲೆ ಆ ಮಗುವಿಗೆ ಏನು ಮಾಡ್ತೀರಿ ಡಾಕ್ಟ್ರೇ?”

ವಿದ್ಯಾರ್ಥಿನಿ ಪ್ರಾಮಾಣಿಕವಾಗಿ ಹೇಳಿದರು: “ಪ್ರೋಟೋಕಾಲ್‌ನಲ್ಲಿ ಅದು ಇಲ್ಲ ಮೇಡಂ. ಇದು ಸರ್ವೆ ಮಾತ್ರ.”

ಇಡೀ ಸಭೆಯಲ್ಲಿ ಅತ್ಯಂತ ತೂಕದ ಪ್ರಶ್ನೆ ಅದೇ ಎಂದು ನನ್ನ ಅಭಿಪ್ರಾಯ. ಇದನ್ನು “ಫಲಿತಾಂಶದ ನಂತರದ ಚಿಕಿತ್ಸೆಯ ಬಗ್ಗೆ ಸಮಿತಿ ಕಾಳಜಿ ವ್ಯಕ್ತಪಡಿಸಿತು” ಎಂದು ಬರೆದು ಮುಗಿಸಬಹುದು. ಎಷ್ಟೋ ನಡಾವಳಿಗಳು ಹಾಗೆಯೇ ಇರುತ್ತವೆ. ಅದನ್ನು ಓದಿದ ವಿದ್ಯಾರ್ಥಿ “ಸೂಕ್ತ ಕ್ರಮ ಕೈಗೊಳ್ಳಲಾಗುವುದು” ಎಂಬ ಒಂದು ಸಾಲು ಸೇರಿಸಿ ತರುತ್ತಾರೆ. ಕಾಗದ ಸರಿಯಾಗುತ್ತದೆ, ಮಗುವಿಗೆ ಏನೂ ಆಗುವುದಿಲ್ಲ. ಆದ್ದರಿಂದ ನಾನು ನಾಲ್ಕು ವಿಷಯ ಸಿಗುವವರೆಗೆ ಸಭೆಯಲ್ಲೇ ಕೇಳುತ್ತೇನೆ: ಆತಂಕ ಯಾವುದು, ಅದು ಪ್ರೋಟೋಕಾಲಿನ ಯಾವ ಭಾಗದಿಂದ ಹುಟ್ಟಿತು, ಸಂಶೋಧಕರು ಏನು ಬದಲಿಸಬೇಕು, ಬದಲಾಗಿದೆ ಎಂಬುದಕ್ಕೆ ಯಾವ ದಾಖಲೆ ತೋರಿಸಬೇಕು. ಈ ವಿಷಯಕ್ಕೆ ನಾನು ಬರೆದದ್ದು ಹೀಗೆ:

“ರಕ್ತಹೀನತೆ ಕಂಡುಬಂದವರ ಆರೈಕೆಗೆ ಪ್ರೋಟೋಕಾಲ್‌ನಲ್ಲಿ ವ್ಯವಸ್ಥೆ ಇಲ್ಲ. ಕಾಯಿಲೆ ಪತ್ತೆ ಹಚ್ಚಿ ಹಾಗೇ ಬಿಡುವುದು ಒಪ್ಪತಕ್ಕದ್ದಲ್ಲ. ಹಿಮೋಗ್ಲೋಬಿನ್ 8 ಗ್ರಾಂಗಿಂತ ಕಡಿಮೆ ಇರುವವರನ್ನು ವರದಿ ಬಂದ ದಿನವೇ ಪೋಷಕರಿಗೆ ತಿಳಿಸಿ ಆಸ್ಪತ್ರೆಗೆ ಕಳಿಸಬೇಕು. ಉಳಿದ ರಕ್ತಹೀನರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ಚಿಕಿತ್ಸೆಗೆ ಸೇರಿಸಬೇಕು. ಯಾರು ಕಳಿಸುತ್ತಾರೆ, ಖರ್ಚು ಯಾರದು ಎಂಬುದನ್ನು ಪ್ರೋಟೋಕಾಲ್‌ನಲ್ಲಿ ಬರೆದು, ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಒಪ್ಪಿಗೆ ಪತ್ರ ಲಗತ್ತಿಸಬೇಕು.”

ಪ್ರಶ್ನೆ ಕೇಳಿದವರ ಹೆಸರು ಹಾಕಲಿಲ್ಲ. ಆತಂಕ ಸಮಿತಿಯದು ಎಂದೇ ದಾಖಲಾಗಬೇಕು. ಇಲ್ಲವಾದರೆ ನಾಳೆ ಯಾವುದೋ ವಿಭಾಗದ ಮುಖ್ಯಸ್ಥರು ಕಾರಿಡಾರಿನಲ್ಲಿ ಆ ಸದಸ್ಯೆಯನ್ನು ನಿಲ್ಲಿಸಿ ಮಾತಾಡುತ್ತಾರೆ, ಮುಂದಿನ ಸಭೆಯಲ್ಲಿ ಅವರು ಬಾಯಿ ಬಿಡುವುದಿಲ್ಲ. ಭಿನ್ನಾಭಿಪ್ರಾಯ ಉಳಿದರೆ ಮಾತ್ರ ಅದನ್ನು ಕಾರಣದ ಸಮೇತ ಬೇರೆಯಾಗಿ ಬರೆಯುತ್ತೇನೆ.

ಉಳಿದ ರಕ್ತದ ಮಾತೂ ಬಂತು. “ಮುಂದಿನ ಸಂಶೋಧನೆಗೆ ಶೇಖರಿಸಲಾಗುವುದು” ಎಂದು ಪ್ರೋಟೋಕಾಲಿನ ಮೂಲೆಯಲ್ಲಿತ್ತು, ಪೋಷಕರ ಮಾಹಿತಿ ಪತ್ರದಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥದ್ದನ್ನು ಹಿಡಿಯಲು ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಪರೀಕ್ಷೆ ಮುಗಿದ ಮೇಲೆ ನಾಶ ಮಾಡಿ, ಇಲ್ಲವೇ ಶೇಖರಣೆಗೆ ಪ್ರತ್ಯೇಕ ಸಮ್ಮತಿ ಪಡೆಯಿರಿ ಎಂದೆವು. ಅವರು ನಾಶ ಮಾಡುವುದನ್ನು ಆರಿಸಿಕೊಂಡರು.

ನಿರ್ಧಾರ ಏನೆಂದು ಬರೆಯಬೇಕು? ಅಧ್ಯಯನ ಒಳ್ಳೆಯದೇ, ಷರತ್ತಿನ ಮೇಲೆ ಒಪ್ಪಿಬಿಡೋಣ ಎಂದು ಕೆಲವರು ಹೇಳಿದರು. ಕಾಗುಣಿತ, ಫೋನ್ ನಂಬರು, ಒಂದು ವಾಕ್ಯದ ಸ್ಪಷ್ಟನೆ ಇಂಥವಾದರೆ ಸಣ್ಣ ತಿದ್ದುಪಡಿ. ಅಧ್ಯಕ್ಷರೂ ನಾನೂ ನೋಡಿ ಪತ್ರ ಕೊಡಬಹುದು. ಇಲ್ಲಿ ಸಮ್ಮತಿ ಪಡೆಯುವ ಕ್ರಮವೂ ಆರೈಕೆಯ ವ್ಯವಸ್ಥೆಯೂ ಹೊಸದಾಗಿ ಬರಬೇಕಿತ್ತು. ಅದು ಸರಿಯಾಗಿದೆಯೇ ಎಂದು ತೀರ್ಮಾನಿಸುವುದು ಕಾರ್ಯದರ್ಶಿಯೊಬ್ಬನ ಕೆಲಸವಲ್ಲ. “ದೊಡ್ಡ ತಿದ್ದುಪಡಿ, ಪೂರ್ಣ ಸಮಿತಿಗೆ ಮರುಸಲ್ಲಿಕೆ” ಎಂದು ದಾಖಲಾಯಿತು. ವಿದ್ಯಾರ್ಥಿನಿಗೆ ಒಂದು ತಿಂಗಳು ತಡವಾಯಿತು, ಅವರ ಬೇಸರ ನನಗೆ ಅರ್ಥವಾಗುತ್ತದೆ.

ಮುಂದಿನ ಸಭೆಗೆ ಅವರು ತಂದ ಪರಿಹಾರ ಚೆನ್ನಾಗಿತ್ತು. ಪೋಷಕರು ಶಾಲೆಗೆ ಬರುವ ಸಭೆಯ ದಿನ ತಾವೇ ಹೋಗಿ ವಿವರಿಸಿ ಸಹಿ ಪಡೆಯುವುದು; ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯ ಎದುರು ಓದಿ ಹೇಳಿ ಹೆಬ್ಬೆಟ್ಟು ಪಡೆಯುವುದು. ಆರೋಗ್ಯ ಕೇಂದ್ರದ ಪತ್ರವೂ ಇತ್ತು. ಅನುಮೋದನೆ ಸಿಕ್ಕಿತು. ಆದರೆ ಅಧ್ಯಯನ ನಡೆಯುವಾಗ ಪಾಲಿಸಬೇಕಾದ ಷರತ್ತುಗಳನ್ನು ಬೇರೆಯೇ ಬರೆದೆವು. ಮಗುವಿನ ಒಪ್ಪಿಗೆ ಕೇಳುವಾಗ ವಾರ್ಡನ್ ಆ ಕೋಣೆಯಲ್ಲಿ ಇರಬಾರದು. ಮುಟ್ಟಿನ ಪ್ರಶ್ನೆಗಳನ್ನು ಮಹಿಳೆಯೇ, ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕು. ಹೆಸರಿರುವ ಫಲಿತಾಂಶದ ಪಟ್ಟಿ ಶಾಲೆಯ ಕಚೇರಿಗೆ ಹೋಗಬಾರದು. ಅಪ್ಪ ಅಮ್ಮ ಒಪ್ಪಿದ್ದರೂ ಮಗು ಬೇಡವೆಂದರೆ ರಕ್ತ ತೆಗೆಯಬಾರದು.

ಅನುಮೋದನೆ ಪತ್ರದಲ್ಲಿ ಪ್ರೋಟೋಕಾಲ್, ಮಾಹಿತಿ ಪತ್ರ, ಸಮ್ಮತಿ ಪತ್ರಗಳ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಹಾಕುತ್ತೇನೆ. ಹಳೆಯ ಸಮ್ಮತಿ ಪತ್ರವನ್ನೇ ಜೆರಾಕ್ಸ್ ಮಾಡಿ ಬಳಸುವುದು ಅಪರೂಪವಲ್ಲ, ದಿನಾಂಕ ಇದ್ದರೆ ಅದು ಥಟ್ಟನೆ ಸಿಕ್ಕಿಬೀಳುತ್ತದೆ. ನಿರಂತರ ಪರಿಶೀಲನೆಯ ವರದಿ ಬಂದಾಗ ನಡಾವಳಿಯ ಷರತ್ತುಗಳನ್ನೇ ಎದುರಿಗಿಟ್ಟು ಒಂದೊಂದಕ್ಕೂ ಉತ್ತರ ಕೇಳುತ್ತೇನೆ: ಒಪ್ಪದ ಮಕ್ಕಳು ಎಷ್ಟು, ಆಸ್ಪತ್ರೆಗೆ ಕಳಿಸಿದವರು ಎಷ್ಟು, ಅವರಲ್ಲಿ ನಿಜವಾಗಿ ತಲುಪಿದವರು ಎಷ್ಟು. ಒಂದು ಮಗುವೂ ಬೇಡವೆನ್ನಲಿಲ್ಲ ಎಂಬ ಉತ್ತರ ಬಂದರೆ, ಬೇಡವೆನ್ನಲು ಮಕ್ಕಳಿಗೆ ನಿಜವಾಗಿ ಅವಕಾಶವಿತ್ತೇ ಎಂಬ ಅನುಮಾನ ಬರುತ್ತದೆ; ಸಮ್ಮತಿ ಪಡೆಯುವ ರೀತಿಯನ್ನು ಕಣ್ಣಾರೆ ನೋಡಲು ಇಬ್ಬರು ಸದಸ್ಯರನ್ನು ಶಾಲೆಗೆ ಕಳಿಸಬೇಕೆಂದು ಸಮಿತಿಗೆ ಕೇಳುತ್ತೇನೆ.